ಗೇಟಿನ ಹತ್ತಿರ ಕೂತ ನಾಯಿ

ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಡುತ್ತದೆ. ಅಷ್ಟೊತ್ತಿಗೆ ಆ ನಾಯಿ ಗೇಟಿನ ಎದುರು ಬಂದು ಕೂತಿರುತ್ತದೆ.

ಕಂದು ಬಣ್ಣದ ನಾಯಿ. ಬಾಲದ ತುದಿ ಮಾತ್ರ ಬಿಳಿ, ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ. ಎಡಗಿವಿಯ ತುದಿಯಲ್ಲಿ ಒಂದು ಚೂರು ಇಲ್ಲ. ಯಾವುದೋ ನಾಯಿ ಕಚ್ಚಿರಬೇಕು ಅಂತ ನಿಮ್ಮಿ ಅಂದುಕೊಂಡಿದ್ದಳು. ಗೇಟು ಕಾಯುವ ತಾತ ನಕ್ಕುಬಿಟ್ಟರು.

"ಕಚ್ಚಿದ್ದಲ್ಲಮ್ಮ, ಅದು ಗುರುತು. ಬೀದಿ ನಾಯಿಗಳನ್ನ ಹಿಡ್ಕೊಂಡು ಹೋಗಿ, ಮರಿ ಆಗದ ಹಾಗೆ ಆಪರೇಷನ್ ಮಾಡ್ತಾರೆ. ಹುಚ್ಚುನಾಯಿ ರೋಗ ಬರದ ಹಾಗೆ ಚುಚ್ಚುಮದ್ದೂ ಹಾಕ್ತಾರೆ. ಹಿಡಿದದ್ದನ್ನೇ ಮತ್ತೆ ಹಿಡೀಬಾರದಲ್ಲ, ಅದಕ್ಕೆ ಕಿವಿ ಚೂರು ಕತ್ತರಿಸಿ ಬಿಡ್ತಾರೆ."

"ಸರಿ ತಾತ. ಆದರೆ ಇದು ದಿನಾ ಇಲ್ಲಿಗೆ ಯಾಕೆ ಬರುತ್ತೆ?"

ತಾತ ತಲೆ ಕೆರೆದುಕೊಂಡರು. "ಅದನ್ನ ಅದೇ ಹೇಳ್ಬೇಕು."

ನಾಯಿ ಏನೂ ಹೇಳಲಿಲ್ಲ. ನಾಲಿಗೆ ಹೊರಗೆ ಹಾಕಿಕೊಂಡು ಹ್ಹ ಹ್ಹ ಹ್ಹ ಎನ್ನುತ್ತಿತ್ತು, ಅಷ್ಟೇ.

ನಿಮ್ಮಿಗೆ ಒಂದು ಪ್ರಶ್ನೆ ತಲೆಯೊಳಗೆ ಹೊಕ್ಕರೆ ಮುಗಿಯಿತು. ರಾತ್ರಿ ನಿದ್ದೆಯಲ್ಲೂ ಅದು ಓಡಾಡುತ್ತದೆ. ಅವಳು ಗಣಿತದ ನೋಟ್‌ಬುಕ್ಕಿನ ಕೊನೇ ಪುಟ ತೆರೆದು ಬರೆದಳು. "ಪ್ರಶ್ನೆ 1: ನಾಯಿ ಗೇಟಿನ ಹತ್ತಿರ ಯಾಕೆ ಕೂರುತ್ತೆ?"

"ತಿಂಡಿಗೆ ಕಣೇ, ಇನ್ಯಾಕೆ?" ಎಂದ ಕಿಟ್ಟು. ಕಿಟ್ಟುವಿಗೆ ಎಲ್ಲಾ ಪ್ರಶ್ನೆಗೂ ತಿಂಡಿಯೇ ಉತ್ತರ.

ಆದರೂ ನೋಡೋಣ ಅಂತ ಮರುದಿನ ನಿಮ್ಮಿ ಡಬ್ಬಿಯಲ್ಲಿ ಸ್ವಲ್ಪ ತಿಂಡಿ ಉಳಿಸಿ ತಂದಳು. ತಾತ ಅದನ್ನು ಒಂದು ಎಲೆಯ ಮೇಲೆ ದೂರದಲ್ಲಿಟ್ಟರು. ಗೊತ್ತಿಲ್ಲದ ನಾಯಿಯ ಮೂತಿ ಹತ್ತಿರ ಕೈ ಒಡ್ಡಬಾರದು, ಅಲ್ವಾ? ನಾಯಿ ಮೂಸಿತು. ಗಬಗಬ ತಿಂದಿತು. ಎಲೆಯನ್ನೂ ನೆಕ್ಕಿತು.

ಆಮೇಲೆ ಮತ್ತೆ ಅದೇ ಜಾಗಕ್ಕೆ ಹೋಗಿ ಕೂತಿತು!

ನಿಮ್ಮಿ ಬರೆದಳು. "ತಿಂಡಿಗೆ ಅಲ್ಲ." ಕಿಟ್ಟುವಿಗೆ ತುಂಬಾ ಬೇಜಾರಾಯಿತು.

"ಹಂಗಾದ್ರೆ ಯಾರಿಗೋ ಕಾಯ್ತಿದೆ," ಎಂದ ಅವನು.

ಅದೂ ಇರಬಹುದು. ಮರುದಿನ ನಿಮ್ಮಿ ಗೇಟಿನ ಕಂಬಕ್ಕೆ ಒರಗಿ ನಿಂತಳು. ನಾಯಿ ಯಾರನ್ನು ನೋಡಿ ಬಾಲ ಆಡಿಸುತ್ತೆ? ಒಂದನೇ ಕ್ಲಾಸಿನ ಚಿಕ್ಕವರು ಬಂದರು. ಆಡಿಸಲಿಲ್ಲ. ಏಳನೇ ಕ್ಲಾಸಿನ ದೊಡ್ಡಣ್ಣಂದಿರು ತಳ್ಳಾಡಿಕೊಂಡು ಬಂದರು. ಆಡಿಸಲಿಲ್ಲ. ಟೀಚರ್ ಬಂದರು. ಊಹೂಂ.

ಆದರೆ ಒಂದು ವಿಚಿತ್ರ ಕಂಡಿತು. ಅದು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರ ಕೈಗಳನ್ನು ನೋಡುತ್ತಿತ್ತು.

ಕೈಯಲ್ಲಿ ಏನಿದೆ? ನಿಮ್ಮಿ ತನ್ನ ಕೈ ನೋಡಿಕೊಂಡಳು. ಬೆರಳಿಗೆ ಇಂಕು ಮೆತ್ತಿಕೊಂಡಿತ್ತು. ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಇತ್ತು. ಅದರಲ್ಲಿ ಉಳಿದಿದ್ದ ನೀರನ್ನು ಎಂದಿನಂತೆ ಮರದ ಬುಡಕ್ಕೆ ಸುರಿದಳು. ಬ್ಯಾಗು ಅಷ್ಟಾದರೂ ಹಗುರ ಆಗಲಿ ಅಂತ. ಯೋಚಿಸುತ್ತಾ ಮನೆಗೆ ನಡೆದಳು.

ಶನಿವಾರ ಅರ್ಧ ದಿನ ಶಾಲೆ. ನಾಯಿ ಮಧ್ಯಾಹ್ನ ಹನ್ನೆರಡಕ್ಕೇ ಹಾಜರ್! ಇದಕ್ಕೆ ಹೇಗೆ ಗೊತ್ತಾಯಿತು? "ಕೊನೇ ಪೀರಿಯಡ್ ಶುರುವಾದಾಗ ಒಂದು ಬೆಲ್ ಹೊಡೀತೀನಲ್ಲ, ಅದು ಕೇಳಿದ ತಕ್ಷಣ ಎದ್ದು ಬರುತ್ತೆ," ಎಂದರು ತಾತ. "ನಾಯಿ ಕಿವಿ ಅಂದ್ರೆ ಸಾಮಾನ್ಯ ಅಲ್ಲ. ನಮಗೆ ಕೇಳದ ಸದ್ದೂ ಅದಕ್ಕೆ ಕೇಳುತ್ತೆ."

ಸೋಮವಾರ ಜೋರು ಮಳೆ. ನಾಯಿ ಬರಲಿಲ್ಲ. ಸರಿ, ಮಳೆಯಲ್ಲಿ ಯಾರು ತಾನೇ ಬರುತ್ತಾರೆ?

ಮಂಗಳವಾರ ಬಿಸಿಲು ಬಂತು. ರಸ್ತೆಯ ಗುಂಡಿಗಳಲ್ಲಿ ಮಾತ್ರ ಇನ್ನೂ ನೀರಿತ್ತು. ನಾಯಿ ಆವತ್ತೂ ಬರಲಿಲ್ಲ. ಬೆಲ್ ಕೇಳಿರುತ್ತದೆ. ಬಿಸಿಲೂ ಇದೆ. ಮತ್ತೆ ಯಾಕೆ ಬರಲಿಲ್ಲ?

ಗುರುವಾರದ ಹೊತ್ತಿಗೆ ಗುಂಡಿಗಳೆಲ್ಲ ಒಣಗಿದ್ದವು. ನಾಯಿ ಮತ್ತೆ ಬಂದು ಕೂತಿತ್ತು.

ನಿಮ್ಮಿ ಎಲ್ಲವನ್ನೂ ಬರೆದಿಟ್ಟಳು. ಕೊನೇ ಪುಟ ತುಂಬಿತು. ಅದರ ಹಿಂದಿನ ಪುಟವೂ ತುಂಬಿತು. ಉತ್ತರ ಮಾತ್ರ ಸಿಗಲಿಲ್ಲ.

ಶುಕ್ರವಾರ ಗೇಟಿನ ಹತ್ತಿರ ಅವಳ ಶೂ ಲೇಸು ಬಿಚ್ಚಿಕೊಂಡಿತು. ಅವಳಿಗೆ ಲೇಸು ಕಟ್ಟುವುದು ಅಂದರೆ ದೊಡ್ಡ ಕೆಲಸ. ಒಂದು ಕುಣಿಕೆ ಹಾಕುವಷ್ಟರಲ್ಲಿ ಇನ್ನೊಂದು ಜಾರುತ್ತದೆ. ಕುಕ್ಕರಗಾಲಲ್ಲಿ ಕೂತು ಕಟ್ಟುತ್ತಲೇ ಇದ್ದಳು. ಮಕ್ಕಳೆಲ್ಲ ಪಕ್ಕದಲ್ಲೇ ಓಡಿಹೋದರು. ಸದ್ದಡಗಿತು.

ಆಗ ಸುಮ್ನೆ ತಲೆ ಎತ್ತಿದಳು. ಅವಳ ಕಣ್ಣು ಈಗ ನಾಯಿಯ ಕಣ್ಣಿನಷ್ಟೇ ಎತ್ತರದಲ್ಲಿತ್ತು.

ಮರದ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಕಲ್ಲಿನ ನಡುವೆ ಅಂಗೈಯಷ್ಟು ಗುಳಿ. ನಿಂತು ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಾಟಲಿಯಿಂದ ಸುರಿದುಹೋದ ನೀರು ಅಲ್ಲಿ ನಿಂತು ಹೊಳೆಯುತ್ತಿತ್ತು.

ನಾಯಿ ಎದ್ದಿತು. ಮೆಲ್ಲಗೆ ಬಂದು ಮೂತಿ ಬಗ್ಗಿಸಿತು.

ಲಪ್ ಲಪ್ ಲಪ್.

ನಿಮ್ಮಿ ಉಸಿರು ಬಿಗಿಹಿಡಿದು ನೋಡಿದಳು. ನಾಲಿಗೆಯ ತುದಿ ಮುಂದಕ್ಕೆ ಅಲ್ಲ, ಹಿಂದಕ್ಕೆ ಗದ್ದದ ಕಡೆಗೆ ಬಾಗುತ್ತಿತ್ತು, ತಿರುಗಿಸಿ ಹಿಡಿದ ಸೌಟಿನ ಹಾಗೆ. ಪ್ರತಿಸಲ ನಾಲಿಗೆ ಮೇಲೆ ಹೋದಾಗ ನೀರಿನ ಒಂದು ಸಣ್ಣ ಕಂಬ ಅದರ ಹಿಂದೆಯೇ ಎದ್ದು ಬಾಯಿಗೆ ಹೋಗುತ್ತಿತ್ತು. ಗುಳಿ ಖಾಲಿಯಾಯಿತು. ಒದ್ದೆ ಕಲ್ಲನ್ನೂ ನೆಕ್ಕಿತು.

"ತಾತಾ! ನೀರು! ಅದು ನೀರಿಗೆ ಬರೋದು!"

ಮಳೆ ಬಂದಾಗ ಎಲ್ಲ ಕಡೆ ನೀರಿತ್ತು, ಅದಕ್ಕೇ ಬರಲಿಲ್ಲ. ಕೈ ನೋಡುತ್ತಿದ್ದದ್ದು ಬಾಟಲಿಗೆ. ಇಷ್ಟು ದಿನ ತಾನೇ ನೀರು ಸುರಿಯುತ್ತಿದ್ದಳು. ಒಂದು ಸಲವೂ ತಿರುಗಿ ನೋಡಿರಲಿಲ್ಲ.

"ಅಯ್ಯೋ, ನನಗೂ ಹೊಳೀಲಿಲ್ಲ ನೋಡು," ಎಂದರು ತಾತ. "ನಮಗಾದ್ರೆ ಮೈಯೆಲ್ಲ ಬೆವರಿ ತಂಪಾಗುತ್ತೆ. ನಾಯಿಗೆ ಬೆವರೋದು ಅಂಗಾಲು ಮಾತ್ರ. ನಾಲಿಗೆ ಹಾಕಿ ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೋಬೇಕು. ಬಿಸಿಲಿಗೆ ಬಾಯಾರಿಕೆ ಜಾಸ್ತಿ."

ಸೋಮವಾರ ಬೆಳಿಗ್ಗೆ ತಾತ ಅಗಲ ಬಾಯಿಯ ಒಂದು ಮಣ್ಣಿನ ಬಟ್ಟಲು ತಂದು ಮರದ ನೆರಳಲ್ಲಿ ಇಟ್ಟರು. ನಿಮ್ಮಿ ಮತ್ತು ಕಿಟ್ಟು ನಲ್ಲಿಯಿಂದ ನೀರು ತಂದು ತುಂಬಿದರು. ಕಿಟ್ಟು ಅರ್ಧ ನೀರನ್ನು ತನ್ನ ಶೂ ಮೇಲೇ ಚೆಲ್ಲಿಕೊಂಡ. ಹತ್ತು ಗಂಟೆಗೆ ಕಿಟಕಿಯಿಂದ ನೋಡಿದರೆ ನಾಯಿ ಕುಡಿಯುತ್ತಿತ್ತು. ಹನ್ನೆರಡಕ್ಕೂ ಬಂದು ಕುಡಿದು ಹೋಯಿತು.

"ಇನ್ನು ಬೆಲ್ ಹೊಡೆದಾಗ ಬರಲ್ಲ ಬಿಡು," ಎಂದ ಕಿಟ್ಟು.

ನಿಮ್ಮಿ ಹೂಂ ಅಂದಳು. ಅವಳಿಗೆ ಸ್ವಲ್ಪ ಬೇಜಾರಾಯಿತು. ಯಾಕೆ ಅಂತ ಅವಳು ಕಿಟ್ಟುಗೆ ಹೇಳಲಿಲ್ಲ.

ಮೂರೂವರೆ. ಬೆಲ್ ಹೊಡೆಯಿತು. ಗೇಟು ಕಿರ್ರ್ ಎಂದು ತೆರೆಯಿತು.

ಬಟ್ಟಲಲ್ಲಿ ಇನ್ನೂ ಅರ್ಧ ನೀರಿತ್ತು. ಅದರ ಪಕ್ಕದಲ್ಲಿ ನಾಯಿ ಕೂತಿತ್ತು!

"ನೀರು ಇದೆಯಲ್ಲೋ, ಮತ್ತೆ ಯಾಕೆ ಕಾಯ್ತಿದೀಯ?" ಎಂದಳು ನಿಮ್ಮಿ.

ನಾಯಿ ಆವತ್ತು ಅವಳ ಕೈ ನೋಡಲಿಲ್ಲ. ಮುಖ ನೋಡಿತು. ಬಿಳಿ ತುದಿಯ ಬಾಲ ನೆಲಕ್ಕೆ ಬಡಿದು ಟಪ್ ಟಪ್ ಎಂದಿತು.

ನಿಮ್ಮಿ ಬ್ಯಾಗು ಕೆಳಗಿಟ್ಟು ಗಣಿತದ ನೋಟ್‌ಬುಕ್ ತೆಗೆದಳು. "ಪ್ರಶ್ನೆ 2" ಎಂದು ಬರೆದು ಪೆನ್ಸಿಲ್ ತುದಿ ಕಚ್ಚುತ್ತಾ ಕೂತಳು.