ಸ್ವಚ್ಛತಾ ಅಭಿಯಾನದಲ್ಲಿ ಶ್ರಮದಾನ ಮಾಡಿದ ಎಲ್ಲರಿಗೂ ಧನ್ಯವಾದಗಳು

ಆತ್ಮೀಯ ನಿವಾಸಿಗಳೇ,

ಕಳೆದ ಭಾನುವಾರ ನಮ್ಮ ವಸತಿ ಸಮುಚ್ಚಯದಲ್ಲಿ ನಡೆದ ಸ್ವಚ್ಛತಾ ಅಭಿಯಾನದಲ್ಲಿ ಬೆಳಿಗ್ಗೆ 7 ಗಂಟೆಯಿಂದ ಮಧ್ಯಾಹ್ನದವರೆಗೂ ದುಡಿದ ಪ್ರತಿಯೊಬ್ಬರಿಗೂ ನಿವಾಸಿಗಳ ಸಂಘವು ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತದೆ.

ಅಂದಿನ ಕೆಲಸಗಳಲ್ಲೆಲ್ಲ ಹೆಚ್ಚು ಶ್ರಮ ಬೇಡಿದ್ದು ನೆಲಮಾಳಿಗೆಯ ಪಂಪ್ ಕೊಠಡಿಯ ಹಿಂದಿರುವ ಮಳೆನೀರಿನ ಚರಂಡಿ. ಬಿ ಬ್ಲಾಕ್‌ನ ಯುವಕ ಯುವತಿಯರು ಅದರ ಮೇಲಿನ ಕಬ್ಬಿಣದ ಜಾಲರಿಯನ್ನು ಎತ್ತಿ, ಒಳಗೆ ಗಟ್ಟಿಯಾಗಿ ಕುಳಿತಿದ್ದ ಹೂಳು, ಕೊಳೆತ ಎಲೆ ಮತ್ತು ಪ್ಲಾಸ್ಟಿಕ್ ಚೀಲಗಳನ್ನು ಬಾಂಡ್ಲಿಗಳಲ್ಲಿ ತುಂಬಿ, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾ ಮೇಲಕ್ಕೆ ಸಾಗಿಸಿದರು. ಕೊನೆಗೆ ಸುರಿದ ನೀರು ಎಲ್ಲಿಯೂ ನಿಲ್ಲದೆ ಹರಿದುಹೋದದ್ದನ್ನು ಅಲ್ಲಿದ್ದವರೆಲ್ಲರೂ ಸಂತೋಷದಿಂದ ನೋಡಿದರು.

ತಾರಸಿಯಲ್ಲಿ ಮಕ್ಕಳು ಹೂಕುಂಡದ ತಟ್ಟೆಗಳು ಮತ್ತು ಹಳೆಯ ಬಕೆಟ್‌ಗಳಲ್ಲಿ ನಿಂತಿದ್ದ ನೀರನ್ನು ಚೆಲ್ಲಿದ್ದಲ್ಲದೆ, ಅವುಗಳ ಒಳಬದಿಯನ್ನು ಬ್ರಷ್‌ನಿಂದ ಉಜ್ಜಿ ತೊಳೆದರು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಬದಿಗೆ ಅಂಟಿಕೊಂಡು, ನೀರು ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯಬಲ್ಲವಾದ್ದರಿಂದ, ಮಕ್ಕಳ ಈ ಕೆಲಸವನ್ನು ಸಂಘವು ಬಹಳ ಮೆಚ್ಚಿಕೊಂಡಿದೆ.

ಕಸ ವಿಂಗಡಿಸುವ ಮೇಜಿನ ಬಳಿ ಎ ಬ್ಲಾಕ್‌ನ ಹಿರಿಯರೊಬ್ಬರು ಒಡೆದ ಗಾಜಿನ ಚೂರುಗಳನ್ನೆಲ್ಲ ದಪ್ಪ ಕಾಗದದಲ್ಲಿ ಸುತ್ತಿ, ಪ್ರತಿ ಪೊಟ್ಟಣದ ಮೇಲೂ ‘ಗಾಜು’ ಎಂದು ದೊಡ್ಡದಾಗಿ ಬರೆದಿಟ್ಟರು. ಕಸ ಸಾಗಿಸುವವರ ಕೈಗೆ ಗಾಯವಾಗಬಾರದೆಂಬ ಅವರ ಈ ಕಾಳಜಿ ನಮ್ಮೆಲ್ಲರ ಮನೆಗಳಲ್ಲೂ ರೂಢಿಯಾಗಲಿ ಎಂಬುದು ನಮ್ಮ ಕೋರಿಕೆ. ವಾರದ ರಜೆಯಿದ್ದರೂ ಬಂದು, ಯಾವ ಸಾಮಗ್ರಿಯನ್ನು ಎಲ್ಲಿ ಹೇಗೆ ಬಳಸಬೇಕೆಂದು ನಮಗೆ ತೋರಿಸಿಕೊಟ್ಟ ಸ್ವಚ್ಛತಾ ಸಿಬ್ಬಂದಿಗೆ ನಾವು ವಿಶೇಷವಾಗಿ ಋಣಿಗಳು. ಅವರಿಗೆ ಈ ವಾರ ಬದಲಿ ರಜೆ ನೀಡಲಾಗಿದೆ. ಪೊರಕೆ, ಕೈಗವಸು ಒದಗಿಸಿದವರಿಗೂ, ದುಡಿಯುತ್ತಿದ್ದವರಿಗೆ ಕುಡಿಯುವ ನೀರು ತಂದುಕೊಟ್ಟ ಮನೆಯವರಿಗೂ ವಂದನೆಗಳು.

ಸಿ ಬ್ಲಾಕ್‌ನ ತುರ್ತು ನಿರ್ಗಮನದ ಮೆಟ್ಟಿಲುಗಳ ಮೇಲೆ ಇರಿಸಿರುವ ಹಳೆಯ ಪೀಠೋಪಕರಣಗಳನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಸ್ವಯಂಸೇವಕರು ಮುಟ್ಟಲಿಲ್ಲ. ಬೆಂಕಿ ಅನಾಹುತ ಸಂಭವಿಸಿದರೆ ಜನ ಹೊರಬರಬೇಕಾದ ದಾರಿ ಅದಾಗಿರುವುದರಿಂದ, ಸಂಬಂಧಪಟ್ಟವರು ಬರುವ ಶನಿವಾರದೊಳಗೆ ಅವುಗಳನ್ನು ತೆರವುಗೊಳಿಸಬೇಕೆಂದು ವಿನಂತಿಸುತ್ತೇವೆ. ಹೊತ್ತು ಇಳಿಸಲು ನೆರವು ಬೇಕಿದ್ದಲ್ಲಿ ಕಚೇರಿಗೆ ತಿಳಿಸಿದರೆ ಸ್ವಯಂಸೇವಕರು ಬರಲು ಸಿದ್ಧರಿದ್ದಾರೆ. ಹಳೆಯ ಬ್ಯಾಟರಿ ಮತ್ತು ಟ್ಯೂಬ್‌ಲೈಟ್‌ಗಳನ್ನು ಮನೆಯ ಕಸದೊಂದಿಗೆ ಬೆರೆಸದೆ, ಕಚೇರಿಯ ಪಕ್ಕದಲ್ಲಿರುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಹಾಕಬಹುದು.

ಅಂದು ತಾರಸಿಯಲ್ಲಿ ಸಿಕ್ಕಿದ ಒಂದು ಕನ್ನಡಕ ಹಾಗೂ ಮಕ್ಕಳ ನೀಲಿ ಬಣ್ಣದ ನೀರಿನ ಬಾಟಲಿ ಕಚೇರಿಯಲ್ಲಿವೆ. ಕಳೆದುಕೊಂಡವರು ಸಂಜೆ 5ರಿಂದ 7ರ ನಡುವೆ ಬಂದು ಪಡೆದುಕೊಳ್ಳಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ನಿವಾಸಿಗಳ ಸಂಘ