ವ್ಯಾಪಾರ ಯೋಜನೆ 2026-27, ಭಾಗ 4: ಹಬ್ಬದ ಬೇಡಿಕೆ, ದಾಸ್ತಾನು ಮತ್ತು ಅದಕ್ಕೆ ಬೇಕಾದ ಹಣ

(ದಾವಣಗೆರೆಯ ಸಿಹಿತಿಂಡಿ ತಯಾರಿಕಾ ಘಟಕ, ಇಬ್ಬರು ಪಾಲುದಾರರು. ಸಿಸಿ ಮಿತಿ ಕೋರಿ ಬ್ಯಾಂಕಿಗೆ ಸಲ್ಲಿಸುತ್ತಿರುವ ಯೋಜನೆಯ ಭಾಗ. ಜೂನ್ 2026.)

ನಮ್ಮ ವರ್ಷ ಪಂಚಾಂಗದಲ್ಲಿದೆ

ನಮ್ಮ ಲೆಕ್ಕ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ನಮ್ಮ ಗಿರಾಕಿಗಳ ವರ್ಷ ತಿಥಿ ನೋಡಿ ನಡೆಯುತ್ತದೆ. ಈ ಭಾಗದಲ್ಲಿ ನಾವು ಕೇಳುತ್ತಿರುವುದೆಲ್ಲ ಈ ಎರಡರ ನಡುವಿನ ಅಂತರಕ್ಕೆ ಸಂಬಂಧಿಸಿದ್ದು.

2025-26ರಲ್ಲಿ ಜಿಎಸ್‌ಟಿ ಬಿಟ್ಟು ಒಟ್ಟು 72 ಲಕ್ಷ ರೂಪಾಯಿ ವ್ಯಾಪಾರವಾಯಿತು. ಅದರಲ್ಲಿ 43 ಲಕ್ಷ ಬಂದದ್ದು ನಾಗರ ಪಂಚಮಿಯಿಂದ ದೀಪಾವಳಿವರೆಗಿನ ಹಬ್ಬಗಳಿಂದಲೇ. ಉಳಿದ ತಿಂಗಳುಗಳಲ್ಲಿ ಅಂಗಡಿ ತನ್ನ ಖರ್ಚು ತಾನು ನೋಡಿಕೊಳ್ಳುತ್ತದೆ, ಅಷ್ಟೇ.

| ಹಬ್ಬ | 2025-26 (ಲಕ್ಷ ರೂ.) | 2026-27 ಅಂದಾಜು (ಲಕ್ಷ ರೂ.) |
|---|---|---|
| ಪಂಚಮಿ, ವರಮಹಾಲಕ್ಷ್ಮಿ | 7 | 8 |
| ಗೌರಿ-ಗಣೇಶ | 9 | 10 |
| ದಸರಾ, ಆಯುಧಪೂಜೆ | 8 | 9 |
| ದೀಪಾವಳಿ | 19 | 23 |
| ಯುಗಾದಿ | 5 | 0 |
| ಉಳಿದ ದಿನಗಳು | 24 | 26 |
| ಒಟ್ಟು | 72 | 76 |

ಯುಗಾದಿಯ ಸೊನ್ನೆ ಟೈಪಿಂಗ್ ತಪ್ಪಲ್ಲ. ಕಳೆದ ಯುಗಾದಿ 2026ರ ಮಾರ್ಚ್ 19ಕ್ಕೆ ಬಂತು. ಮುಂದಿನದು 2027ರ ಏಪ್ರಿಲ್ 7ಕ್ಕೆ. ಅಂದರೆ 2026-27ರ ಲೆಕ್ಕದಲ್ಲಿ ಯುಗಾದಿಯೇ ಇಲ್ಲ! ಆದರೆ ಹೋಳಿಗೆಗೆ ಬೇಳೆ, ಬೆಲ್ಲ ಕೊಳ್ಳುವುದು ಮಾರ್ಚ್‌ನಲ್ಲೇ. ಹಾಗಾಗಿ 2027ರ ಮಾರ್ಚ್ 31ರ ದಾಸ್ತಾನು ಮಾಮೂಲಿಗಿಂತ ಸುಮಾರು 1.5 ಲಕ್ಷ ಜಾಸ್ತಿ ಕಾಣುತ್ತದೆ. ಅದನ್ನು ಮಾರಾಟವಾಗದೆ ಉಳಿದ ಮಾಲು ಅಂತ ಓದಬಾರದೆಂದು ಈಗಲೇ ಹೇಳಿಡುತ್ತಿದ್ದೇವೆ.

ಇದಕ್ಕೆಲ್ಲ ಕಾರಣ ಅಧಿಕ ಮಾಸ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಂತು. ಅದರ ನಂತರದ ಹಬ್ಬಗಳೆಲ್ಲ ಕಳೆದ ವರ್ಷಕ್ಕಿಂತ ಹದಿನೆಂಟು, ಹತ್ತೊಂಬತ್ತು ದಿನ ಮುಂದಕ್ಕೆ ಹೋಗಿವೆ. ಗಣೇಶ ಚತುರ್ಥಿ ಆಗಸ್ಟ್ 27ರ ಬದಲು ಸೆಪ್ಟೆಂಬರ್ 14ಕ್ಕೆ. ದೀಪಾವಳಿ ಅಕ್ಟೋಬರ್ 20ರ ಬದಲು ನವೆಂಬರ್ 8ಕ್ಕೆ. ಕಳೆದ ವರ್ಷದ ಅಕ್ಟೋಬರ್ ಮತ್ತು ಈ ವರ್ಷದ ಅಕ್ಟೋಬರ್ ಪಕ್ಕಪಕ್ಕ ಇಟ್ಟು ನೋಡಿದರೆ ನಾವು ಮುಳುಗಿದ ಹಾಗೆ ಕಾಣುತ್ತೇವೆ. ಅದಕ್ಕೇ ನಾವು ಬಿಲ್ ಪುಸ್ತಕವನ್ನು ತಾರೀಖಿನ ಪ್ರಕಾರ ಹೋಲಿಸುವುದಿಲ್ಲ. 'ಹಬ್ಬಕ್ಕೆ ಹತ್ತು ದಿನ ಮೊದಲು', 'ಐದು ದಿನ ಮೊದಲು' ಎಂದು ಎಣಿಸುತ್ತೇವೆ.

ದೀಪಾವಳಿಗೆ 23 ಲಕ್ಷ ಎಂದು ಬರೆದದ್ದು ಸುಮ್ನೆ ಅಲ್ಲ. ಕಳೆದ ವರ್ಷ ಹಬ್ಬ ಬಂದದ್ದು ತಿಂಗಳ 20ಕ್ಕೆ, ಸಂಬಳ ಖರ್ಚಾದ ಮೇಲೆ. ಈ ಸಲ 8ನೇ ತಾರೀಖು, ಅದೂ ಭಾನುವಾರ. ಸಂಬಳ ಕೈಗೆ ಬಂದ ವಾರದಲ್ಲೇ ಹಬ್ಬ. ಇದರ ಜೊತೆಗೆ ಎರಡು ಸಹಕಾರ ಸಂಘಗಳು ನೌಕರರಿಗೆ ಕೊಡುವ ಬಾಕ್ಸಿಗೆ ಈಗಾಗಲೇ ಬಾಯಿಮಾತಿನಲ್ಲಿ ಒಪ್ಪಿವೆ. ಬಾಯಿಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಮುಂದೆ ಹೇಳುತ್ತೇವೆ.

ಗಣೇಶನಿಗೂ ದಸರೆಗೂ ನಡುವೆ ಪಿತೃಪಕ್ಷ ಇದೆ. ಈ ವರ್ಷ ಅದು ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತದೆ. ಆ ಹದಿನೈದು ದಿನ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂರಬೇಕು. ಆದರೆ ದೀಪಾವಳಿಯ ಸಾಮಾನು ಕೊಳ್ಳಲು ಅದೇ ಒಳ್ಳೆ ಸಮಯ. ಗೋಡಂಬಿ, ಏಲಕ್ಕಿ, ಬಾಕ್ಸ್ ಎಲ್ಲ ಆಗಲೇ ಕೊಳ್ಳಬೇಕು. ಹಣ ಬೇಕಾಗುವುದು ವ್ಯಾಪಾರವೇ ಇಲ್ಲದ ದಿನಗಳಲ್ಲಿ.

ಯಾವ ತಿಂಡಿ, ಯಾವಾಗ

ತಾಳುವ ತಿಂಡಿ ಮೊದಲು, ತಾಳದ ತಿಂಡಿ ಕೊನೆಗೆ. ಚಕ್ಕುಲಿ, ಶಂಕರಪೋಳಿ, ಬೇಸನ್ ಉಂಡೆ ಹಬ್ಬಕ್ಕೆ 18 ದಿನ ಇರುವಾಗ ಶುರು. ಮೈಸೂರು ಪಾಕ್ 10 ದಿನ ಇರುವಾಗ. ಖೋವಾ ಬರ್ಫಿ, ಪೇಡ ಕೊನೆಯ ಎರಡು ದಿನ ಮಾತ್ರ, ಅದೂ ಬುಕ್ ಆದಷ್ಟು ಮತ್ತು ಅದರ ಮೇಲೆ ಕಾಲು ಭಾಗ. ಖೋವಾ ಖಾಲಿಯಾಗಿ ಗಿರಾಕಿ ವಾಪಸ್ ಹೋದರೂ ಪರವಾಗಿಲ್ಲ ಎಂದು ತೀರ್ಮಾನಿಸಿದ್ದೇವೆ. ಬಿಡಿ ಸಿಹಿತಿಂಡಿಯ ಮುಂದೆ 'ಇಷ್ಟರೊಳಗೆ ಬಳಸಿ' ಎಂಬ ದಿನಾಂಕ ಹಾಕಬೇಕೆಂದು ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಉಳಿದ ಪೇಡವನ್ನು ನಾಳೆಗೆ ಎಳೆಯುವ ಪ್ರಶ್ನೆಯೇ ಇಲ್ಲ. ನಮ್ಮ ಲೆಕ್ಕದಲ್ಲಿ ಖೋವಾ ಮಾಲಿಗೆ ಶೇ 6 ನಷ್ಟ ಹಿಡಿದಿದ್ದೇವೆ, ಉಳಿದದ್ದಕ್ಕೆ ಶೇ 2.

ಭಟ್ಟಿ ಮೂರೇ ಇವೆ. ನಾಲ್ಕನೆಯದು ಬೇಡ. ಹದಿನೈದು ದಿನಕ್ಕಾಗಿ ವರ್ಷವಿಡೀ ಕಂತು ಕಟ್ಟುವುದಕ್ಕಿಂತ ರಾತ್ರಿ ಪಾಳಿಗೆ ಆರು ಜನರನ್ನು ಹಾಕುವುದು ಅಗ್ಗ.

ಇನ್ನು ಬಾಕ್ಸ್. ಕಳೆದ ದೀಪಾವಳಿಗೆ ಒಂದು ಸಂಘದವರು ಫೋನಿನಲ್ಲಿ 400 ಬಾಕ್ಸ್ ಹೇಳಿದರು. ಅವರ ಹೆಸರು ಅಚ್ಚು ಹಾಕಿಸಿ ತಯಾರು ಮಾಡಿದೆವು. ಹಿಂದಿನ ದಿನ ಸಂಜೆ "250 ಸಾಕು ಅಮ್ಮಾ" ಎಂದರು. ಉಳಿದ 150 ಬಾಕ್ಸನ್ನು ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಹಬ್ಬದ ರಾತ್ರಿ ಹನ್ನೊಂದು ಗಂಟೆಗೆ ನಾವಿಬ್ಬರೂ ನೆಲದ ಮೇಲೆ ಕೂತು, ಒಂದೊಂದೇ ಬಾಕ್ಸ್ ಬಿಚ್ಚಿ, ಮೈಸೂರು ಪಾಕನ್ನು ಮುರಿಯದಂತೆ ಟ್ರೇಗೆ ಎತ್ತಿಟ್ಟೆವು. ಆದರೂ ಅರ್ಧ ಮುರಿಯಿತು. ಪುಡಿಯಾದದ್ದನ್ನು ಅರ್ಧ ಬೆಲೆಗೆ ಮಾರಿದೆವು, ಬಾಕ್ಸ್ ರದ್ದಿಗೆ ಹೋಯಿತು.

ಈ ವರ್ಷ ಎಲ್ಲ ಬಾಕ್ಸ್ ಬೋಳು, ಎರಡೇ ಅಳತೆ: ಅರ್ಧ ಕೆಜಿ, ಒಂದು ಕೆಜಿ. ಹೆಸರು ಬೇಕಾದವರಿಗೆ ಮೇಲೆ ಸುತ್ತುವ ಕಾಗದದ ಪಟ್ಟಿ. ಶೇ 30 ಮುಂಗಡ ಖಾತೆಗೆ ಬರುವವರೆಗೆ ಆರ್ಡರ್ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲೇ ಇರುತ್ತದೆ. ಅಕ್ಟೋಬರ್ 25ರ ನಂತರ ಸಂಖ್ಯೆ ಇಳಿಸುವಂತಿಲ್ಲ. ಇದರಿಂದ ಒಂದಿಬ್ಬರು ಬೇರೆ ಕಡೆ ಹೋಗಬಹುದು. ಹೋಗಲಿ.

ದೀಪಾವಳಿಗೆ ಎಷ್ಟು ಹಣ, ಎಲ್ಲಿಂದ

ಸರಾಸರಿ ಕೆಜಿಗೆ 480 ರೂಪಾಯಿಯಂತೆ 23 ಲಕ್ಷ ಎಂದರೆ ಸುಮಾರು 4,800 ಕೆಜಿ ತಿಂಡಿ. ಅದಕ್ಕೆ ಕಚ್ಚಾ ಸಾಮಾನು 12 ಲಕ್ಷ. ಇದರಲ್ಲಿ ತುಪ್ಪ ಒಂದೇ 700 ಕೆಜಿ, 4.2 ಲಕ್ಷ. ಗೋಡಂಬಿ, ಬಾದಾಮಿ 2.7 ಲಕ್ಷ. ಸಕ್ಕರೆ ತೂಕದಲ್ಲಿ ದೊಡ್ಡದು, ದುಡ್ಡಿನಲ್ಲಿ ಚಿಕ್ಕದು, 90 ಸಾವಿರದೊಳಗೇ ಮುಗಿಯುತ್ತದೆ. ಬಾಕ್ಸ್ 1.6 ಲಕ್ಷ, ಹೆಚ್ಚುವರಿ ಕೂಲಿ 2.4 ಲಕ್ಷ, ಗ್ಯಾಸ್ ಮತ್ತು ಸಾಗಣೆ 80 ಸಾವಿರ. ಒಟ್ಟು 16.8 ಲಕ್ಷ.

2025ರ ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ನಮಗೆ ದೊಡ್ಡ ಉಪಕಾರ. ನಾವು ಮಾರುವ ಸಿಹಿಗೂ ಶೇ 5. ಮೊದಲಿನ ಹಾಗೆ ತುಪ್ಪದ ಮೇಲೆ ಕಟ್ಟಿದ ತೆರಿಗೆ ಹಬ್ಬದ ಹೊತ್ತಲ್ಲಿ ಸಿಕ್ಕಿಹಾಕಿಕೊಳ್ಳುವುದು ಕಡಿಮೆಯಾಗಿದೆ.

23 ಲಕ್ಷದಲ್ಲಿ 9 ಲಕ್ಷ ಅಂಗಡಿ ಮಾರಾಟ, ಕೈಗೆ ಕೂಡಲೇ ಬರುತ್ತದೆ. 14 ಲಕ್ಷ ಸಂಘ, ಕಾರ್ಖಾನೆ, ಕಾಲೇಜುಗಳ ಆರ್ಡರ್. ಅದರಲ್ಲಿ ಮುಂಗಡ 4.2 ಲಕ್ಷ. ಉಳಿದ 9.8 ಲಕ್ಷ ಬಿಲ್ಲು ಪಾಸಾಗಿ ಬರಲು 30ರಿಂದ 45 ದಿನ. ನಮ್ಮ ಪಾಲುದಾರರ ಹಣ 3.8 ಲಕ್ಷ. 16.8ರಲ್ಲಿ ಮುಂಗಡ ಮತ್ತು ಸ್ವಂತ ಹಣ ಕಳೆದರೆ 8.8 ಲಕ್ಷ. ಇದರ ಮೇಲೆ ದಸರೆಯ ಬಾಕಿ 2.2 ಲಕ್ಷ ಇನ್ನೂ ಬಂದಿರುವುದಿಲ್ಲ. ದಸರೆಗೂ ದೀಪಾವಳಿಗೂ ನಡುವೆ ಇಪ್ಪತ್ತೇ ದಿನ, ಅಷ್ಟರಲ್ಲಿ ಯಾರೂ ಬಿಲ್ಲು ಕೊಡುವುದಿಲ್ಲ. ಆ ಬಾಕಿಯೂ ಸೇರಿ ಅತಿ ಹೆಚ್ಚು ಸಾಲ ಬೇಕಾಗುವುದು ನವೆಂಬರ್ 5ರ ಸುಮಾರಿಗೆ, 11 ಲಕ್ಷ.

ವಹಿವಾಟಿನ ಶೇ 20 ಎಂಬ ಲೆಕ್ಕದಲ್ಲಿ ನಮಗೆ 15.2 ಲಕ್ಷದವರೆಗೆ ದುಡಿಯುವ ಬಂಡವಾಳದ ಮಿತಿ ಸಿಗಬಹುದು. ಅಷ್ಟು ಬೇಡ. ವರ್ಷವಿಡೀ ಅಷ್ಟು ಮಿತಿ ಇದ್ದರೆ ಕೈ ಸುಮ್ಮನಿರುವುದಿಲ್ಲ ಅಂತ ನಮಗೇ ಗೊತ್ತು. ನಾವು ಕೇಳುವುದು ಮಾಮೂಲಿ ದಿನಗಳಿಗೆ 5 ಲಕ್ಷದ ಸಿಸಿ ಮಿತಿ, ಸೆಪ್ಟೆಂಬರ್ 25ರಿಂದ ನವೆಂಬರ್ 30ರವರೆಗೆ ಮಾತ್ರ 11 ಲಕ್ಷ. ಮುಂದಿನ ವರ್ಷಗಳಲ್ಲಿ ಈ ಅವಧಿಯನ್ನು ದೀಪಾವಳಿಗೆ 44 ದಿನ ಮೊದಲಿನಿಂದ 22 ದಿನ ನಂತರದವರೆಗೆ ಎಂದೇ ಮಂಜೂರಾತಿ ಪತ್ರದಲ್ಲಿ ಬರೆದರೆ ಪ್ರತಿ ವರ್ಷ ಹೊಸ ಅರ್ಜಿ ಬೇಡ. ಸ್ಥಿರಾಸ್ತಿ ಅಡಮಾನ ಇಲ್ಲ. ಸಿಜಿಟಿಎಂಎಸ್‌ಇ ಖಾತರಿಯಡಿ ಪರಿಗಣಿಸಬೇಕೆಂದು ಕೋರಿಕೆ.

ಇನ್ನೊಂದು ಕೋರಿಕೆ ಸ್ಟಾಕ್ ಸ್ಟೇಟ್‌ಮೆಂಟ್ ಬಗ್ಗೆ. ತಿಂಗಳಿಗೊಂದು ಕೊಟ್ಟರೆ ಅಕ್ಟೋಬರ್ 31ರ ಲೆಕ್ಕದ ಮೇಲೆ ಡಿಪಿ ನಿಂತುಬಿಡುತ್ತದೆ, ಆಗಿನ್ನೂ ಅರ್ಧ ಮಾಲು ಬಂದಿರುವುದಿಲ್ಲ. ಆ ಎರಡು ತಿಂಗಳು ನಾವು ವಾರಕ್ಕೊಂದು ಕೊಡುತ್ತೇವೆ. ನವೆಂಬರ್ 5ಕ್ಕೆ ದಾಸ್ತಾನು ಸುಮಾರು 14 ಲಕ್ಷ ಇರುತ್ತದೆ. ಶೇ 25 ಮಾರ್ಜಿನ್ ಕಳೆದರೆ 10.5. ದಸರೆಯ ಬಾಕಿಯನ್ನು ಶೇ 50 ಮಾರ್ಜಿನ್‌ಗೆ ಹಿಡಿದರೆ ಇನ್ನೂ 1.1 ಸಿಗುತ್ತದೆ. 11 ಲಕ್ಷಕ್ಕೆ ಸಾಕು.

ಬಡ್ಡಿಯ ಲೆಕ್ಕ

ಕಳೆದ ವರ್ಷ 5 ಲಕ್ಷ ಕೈಗಡ ತಂದೆವು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಎರಡು ತಿಂಗಳಿಗೆ 20,000. ತುಪ್ಪ ಉದ್ರಿ ತಂದದ್ದಕ್ಕೆ ಕೆಜಿಗೆ 35 ರೂಪಾಯಿ ಜಾಸ್ತಿ ಕೊಟ್ಟೆವು, 550 ಕೆಜಿಗೆ 19,250. ಅದು ಬಡ್ಡಿ ಅಂತ ಬಿಲ್ಲಿನಲ್ಲಿ ಬರೆದಿರಲಿಲ್ಲ, ಆದರೆ ಬಡ್ಡಿಯೇ ಅಲ್ವಾ? ಈ ವರ್ಷ ಸರಾಸರಿ 7 ಲಕ್ಷ, 65 ದಿನ, ಶೇ 11ರಂತೆ ಹಿಡಿದರೂ 14 ಸಾವಿರದೊಳಗೇ ಆಗುತ್ತದೆ.

ಹಬ್ಬ ಕೈಕೊಟ್ಟರೆ

ಎಲ್ಲ ಸರಿಹೋದರೆ ಅಂಗಡಿಯ 9 ಲಕ್ಷ ಖಾತೆಗೆ ಬಿದ್ದು, ಬಾಡಿಗೆ, ಕಾಯಂ ಸಂಬಳಕ್ಕೆ 1.5 ಲಕ್ಷ ಹೋಗಿ, ನವೆಂಬರ್ 15ಕ್ಕೆ ಸಾಲ 3.5 ಲಕ್ಷಕ್ಕೆ ಇಳಿಯುತ್ತದೆ. ದಸರೆಯ ಬಾಕಿ ಬಂದರೆ ಇನ್ನೂ ಕಡಿಮೆ.

ಅಂಗಡಿ ಮಾರಾಟ ಕಾಲು ಭಾಗ ಕುಸಿದು, ದಸರೆಯ ಬಾಕಿಯೂ ಬರಲಿಲ್ಲ ಎಂದುಕೊಳ್ಳಿ. ಆಗ ಸಾಲ 5.75 ಲಕ್ಷದಲ್ಲಿ ನಿಲ್ಲುತ್ತದೆ, ಅಂದರೆ ನವೆಂಬರ್ 30ರ ಮಿತಿಗಿಂತ 75 ಸಾವಿರ ಮೇಲೆ. ಅದಕ್ಕಾಗಿ 1 ಲಕ್ಷದ ಠೇವಣಿ ಬೇರೆ ಇಟ್ಟಿದ್ದೇವೆ. ಮೇಲೆ ಹೇಳಿದ 3.8 ಲಕ್ಷದಲ್ಲಿ ಅದು ಸೇರಿಲ್ಲ.

ಇದಕ್ಕಿಂತ ಮೊದಲೇ ಗೊತ್ತಾಗಲು ಒಂದು ಗಡುವು ಇದೆ. ಅಕ್ಟೋಬರ್ 25ರ ಸಂಜೆ ಮುಂಗಡ 3 ಲಕ್ಷ ದಾಟಿರದಿದ್ದರೆ ತುಪ್ಪದ ಮೂರನೇ ಕಂತು, 250 ಕೆಜಿ, ತರಿಸುವುದಿಲ್ಲ. ಮೈಸೂರು ಪಾಕ್ ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತೇವೆ. ತುಪ್ಪದ ವ್ಯಾಪಾರಿ ಇದಕ್ಕೆ ಒಪ್ಪಿದ್ದಾರೆ, ಮುಖ ಸ್ವಲ್ಪ ಗಂಟು ಹಾಕಿಕೊಂಡೇ.

ದಾಸ್ತಾನು ಎಣಿಸುವುದು ಪ್ರತಿ ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ. ಒಬ್ಬರು ತೂಗುತ್ತೇವೆ, ಇನ್ನೊಬ್ಬರು ಬರೆಯುತ್ತೇವೆ, ಮುಂದಿನ ವಾರ ಅದಲುಬದಲು. ಆ ಹಾಳೆಯೇ ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಬರುತ್ತದೆ. ತುಪ್ಪದ ಜಿಡ್ಡು ಅಂಟಿದ್ದರೆ ಬೇಸರ ಮಾಡಿಕೊಳ್ಳಬೇಡಿ.