ಪ್ರಕರಣ ಅಧ್ಯಯನ: ನಕ್ಕಾಗ ಮಂಡಿ ಕುಸಿಯುವ ವಿದ್ಯಾರ್ಥಿನಿ

19 ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಪಾಠ ಕೇಳುತ್ತಲೇ, ಊಟದ ತಟ್ಟೆ ಮುಂದಿಟ್ಟುಕೊಂಡೇ ನಿದ್ದೆಗೆ ಜಾರುತ್ತಾಳೆ. ಹದಿನೈದು ನಿಮಿಷ ಮಲಗಿ ಎದ್ದರೆ ಚುರುಕು. ಎರಡು ಗಂಟೆಯೊಳಗೆ ಮತ್ತೆ ಕಣ್ಣು ಎಳೆಯುತ್ತದೆ. ತೂಕ 8 ಕೆ.ಜಿ. ಏರಿದೆ. ಜೋರಾಗಿ ನಕ್ಕರೆ ದವಡೆ ಜೋಲುತ್ತದೆ, ಮಂಡಿ ಕುಸಿಯುತ್ತದೆ, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಅಷ್ಟೂ ಹೊತ್ತು ಸುತ್ತಲಿನ ಮಾತು ಅವಳಿಗೆ ಕೇಳಿಸುತ್ತಿರುತ್ತದೆ. ಮೂರ್ಛೆರೋಗವಿರಬಹುದೆಂದು ಮಾಡಿಸಿದ ಇಇಜಿ ಸಹಜವಾಗಿತ್ತು. ನಗುವಿಗೇ ಬರುವುದು, ಪ್ರಜ್ಞೆ ಪೂರ್ತಿ ಉಳಿಯುವುದು: ಇವೆರಡೂ, ಭಾವನೆ ಉಕ್ಕಿದಾಗ ಸ್ನಾಯುಬಲ ಒಮ್ಮೆಲೇ ಕುಸಿಯುವ ಕೆಟಪ್ಲೆಕ್ಸಿಯ ಗುರುತುಗಳು.

ಎರಡು ಪರೀಕ್ಷೆ, ಎರಡು ಉತ್ತರ

ಖಿನ್ನತೆಯೆಂದು ಕೊಟ್ಟ ಎಸ್ಸಿಟಲೊಪ್ರಾಮ್ 10 ಮಿ.ಗ್ರಾಂ. ನುಂಗುತ್ತಿರುವಾಗಲೇ, ಹಗಲಿನ ಕಿರುನಿದ್ದೆಗಳಲ್ಲಿ ನಿದ್ದೆ ಎಷ್ಟು ಬೇಗ ಹತ್ತುತ್ತದೆಂದು ಅಳೆಯುವ ಮೊದಲ ಎಂಎಸ್‌ಎಲ್‌ಟಿ ನಡೆಯಿತು. ನಿದ್ದೆ ಬರಲು ಹಿಡಿದ ಸರಾಸರಿ ಸಮಯ 4 ನಿಮಿಷ. ಕನಸು ಬೀಳುವ ನಿದ್ದೆಯ ಹಂತವಾದ ರೆಮ್ ಒಮ್ಮೆಯೂ ಕಾಣಲಿಲ್ಲ. ಎಚ್ಚರ-ನಿದ್ದೆಯ ಹತೋಟಿ ತಪ್ಪುವ ಕಾಯಿಲೆಯಾದ ನಾರ್ಕೊಲೆಪ್ಸಿ ಇದಲ್ಲ ಎಂದು ವರದಿಯಲ್ಲಿ ಬರೆಯಲಾಯಿತು. ಅದು ತಪ್ಪು.

ಔಷಧವನ್ನು ಹಂತಹಂತವಾಗಿ ಇಳಿಸಿ, ಪೂರ್ತಿ ಬಿಟ್ಟು 14 ದಿನ ಕಳೆದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಲಾಯಿತು. ಆ ಎರಡು ವಾರ ನಿದ್ದೆಯ ದಿನಚರಿ ಬರೆಸಿ, ಕೈಗೆ ಚಲನೆ ದಾಖಲಿಸುವ ಆಕ್ಟಿಗ್ರಫಿ ಸಾಧನ ಕಟ್ಟಲಾಗಿತ್ತು. ನಿದ್ದೆಗೆಟ್ಟವರಲ್ಲೂ ರೆಮ್ ಬೇಗ ಬರಬಹುದಾದ್ದರಿಂದ ಈ ದಾಖಲೆ ಬೇಕೇ ಬೇಕು. ನಿದ್ದೆಯಲ್ಲಿ ಮಿದುಳಿನ ಅಲೆ, ಉಸಿರಾಟಗಳನ್ನು ದಾಖಲಿಸುವ ರಾತ್ರಿಯ ಪಾಲಿಸೋಮ್ನೋಗ್ರಫಿಯಲ್ಲಿ ಒಟ್ಟು ನಿದ್ದೆ 410 ನಿಮಿಷ, ನಡುನಡುವೆ ಹಲವು ಎಚ್ಚರ, ಉಸಿರುಕಟ್ಟುವಿಕೆ ಇಲ್ಲ. ರೆಮ್ ಬಂದದ್ದು ನಿದ್ದೆ ಹತ್ತಿದ 8 ನಿಮಿಷಕ್ಕೆ. ಸಾಮಾನ್ಯವಾಗಿ ಸುಮಾರು 90 ನಿಮಿಷ ಬೇಕು. ಮರುದಿನ ಎರಡೆರಡು ಗಂಟೆಗೊಮ್ಮೆ ಐದು ಕಿರುನಿದ್ದೆ: 2.5, 3, 1.5, 4, 4 ನಿಮಿಷಕ್ಕೆ ನಿದ್ದೆ, ಸರಾಸರಿ 3. ಮೂರರಲ್ಲಿ 15 ನಿಮಿಷದೊಳಗೆ ರೆಮ್. ರಾತ್ರಿಯದ್ದೂ ಲೆಕ್ಕಕ್ಕೆ ಸೇರಿ ಒಟ್ಟು ನಾಲ್ಕು. ಮಾನದಂಡಕ್ಕೆ ಸರಾಸರಿ 8 ನಿಮಿಷ ಅಥವಾ ಕಡಿಮೆ ಇದ್ದು, ಇಂಥ ರೆಮ್ ಎರಡಾದರೆ ಸಾಕು. ಬೆನ್ನುಹುರಿ ದ್ರವದಲ್ಲಿ, ಎಚ್ಚರ ಕಾಯುವ ಮಿದುಳಿನ ರಾಸಾಯನಿಕವಾದ ಒರೆಕ್ಸಿನ್-ಎ 40 ಪಿಕೊಗ್ರಾಂ/ಮಿ.ಲೀ. ಇತ್ತು, 110 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಟೈಪ್ 1 ನಾರ್ಕೊಲೆಪ್ಸಿ.

ಒಳಗೆ ಏನು ಕೆಟ್ಟಿದೆ

1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಗುರುತಿಸಿದ ಒರೆಕ್ಸಿನ್, ಹೈಪೊಥಲಾಮಸ್‌ನ ಪಾರ್ಶ್ವಭಾಗದ ಸುಮಾರು 50,000–80,000 ನರಕೋಶಗಳಲ್ಲಿ ತಯಾರಾಗುತ್ತದೆ. ಅವು ನಾರ್‌ಅಡ್ರಿನಲಿನ್, ಸಿರೊಟೋನಿನ್, ಹಿಸ್ಟಮಿನ್ ಕೇಂದ್ರಗಳನ್ನು ಎಚ್ಚರದ ಹೊತ್ತಿನಲ್ಲಿ ಚುರುಕಾಗಿಡುತ್ತವೆ. ಎಚ್ಚರವನ್ನು ಗಟ್ಟಿಯಾಗಿ ಹಿಡಿಯುವುದೂ ರೆಮ್ ಅನ್ನು ತಡೆಯುವುದೂ ಈ ಕೇಂದ್ರಗಳೇ. ಒರೆಕ್ಸಿನ್ ಕೋಶಗಳು ಅಳಿದಾಗ ನಿದ್ದೆಯ ಒಟ್ಟು ಪ್ರಮಾಣ ಅಷ್ಟೇನೂ ಹೆಚ್ಚುವುದಿಲ್ಲ. ಸ್ಥಿತಿಗಳ ನಡುವಿನ ಗಡಿ ಸಡಿಲಾಗುತ್ತದೆ. ಹಗಲಿನ ನಿದ್ದೆ, ರಾತ್ರಿಯ ಎಚ್ಚರ ಎರಡೂ ಹೀಗೆ ಬರುತ್ತವೆ. ರೆಮ್‌ನಲ್ಲಿ ಸ್ನಾಯುಗಳನ್ನು ಸಡಿಲಿಸುವ, ಮಿದುಳುಕಾಂಡದ ಭಾಗವಾದ ಪಾನ್ಸ್‌ನ ಜಾಲ, ನಗುವಿನ ಹೊತ್ತಿನಲ್ಲಿ ಭಾವನೆಗಳ ಕೇಂದ್ರವಾದ ಅಮಿಗ್ಡಲದ ಪ್ರಚೋದನೆಗೆ ತಡೆಯಿಲ್ಲದೆ ಕೆಲಸ ಶುರುಮಾಡುತ್ತದೆ. ಗ್ಲೈಸಿನ್ ಮತ್ತು ಗಾಬಾ ಚಲನಾ ನರಕೋಶಗಳನ್ನು ಸುಮ್ಮನಾಗಿಸುತ್ತವೆ. ಅದೇ ಕೆಟಪ್ಲೆಕ್ಸಿ.

ಎಸ್ಸಿಟಲೊಪ್ರಾಮ್ ಸಿರೊಟೋನಿನ್ ಹೆಚ್ಚಿಸಿ ರೆಮ್ ಅನ್ನು ಅದುಮಿತ್ತು. ಪರೀಕ್ಷೆಯನ್ನು ಕೆಡಿಸಿದ ಈ ಗುಣವೇ ಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರುತ್ತದೆ: ಕೆಟಪ್ಲೆಕ್ಸಿಗೆ ವೆನ್ಲಫಾಕ್ಸಿನ್ 37.5 ಮಿ.ಗ್ರಾಂ., ಎಚ್ಚರಕ್ಕೆ ಬೆಳಗ್ಗೆ ಮೊಡಾಫಿನಿಲ್ 100 ಮಿ.ಗ್ರಾಂ., ಜತೆಗೆ ಹಗಲು 15–20 ನಿಮಿಷದ ಎರಡು ನಿದ್ದೆ. ಲಕ್ಷಣಗಳು ಹತೋಟಿಗೆ ಬರುವವರೆಗೆ ಸ್ಕೂಟರ್ ಓಡಿಸುವುದು ಬೇಡ.

ಚರ್ಚೆಗೆ

1. ಮೊದಲ ಪರೀಕ್ಷೆಯಲ್ಲಿ ರೆಮ್ ಮಾಯವಾದರೂ ನಿದ್ದೆ ಬೇಗ ಬಂದದ್ದೇಕೆ?
2. ವೆನ್ಲಫಾಕ್ಸಿನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಕೆಟಪ್ಲೆಕ್ಸಿ ಮೊದಲಿಗಿಂತ ಉಲ್ಬಣಿಸುವುದೇಕೆ?